ಫೋನ್ ತುಂಬಿದೆ, ಗೂಗಲ್‌ನ 15 ಜಿಬಿಯೂ ತುಂಬಿದೆ: ಫೋಟೋಗಳನ್ನು ಎಲ್ಲಿಡುವುದು?

ನಾಪೋಕ್ಲು ಹೋಂಸ್ಟೇ

ನಾಪೋಕ್ಲಿನ ಪಕ್ಕದಲ್ಲಿ ನಮ್ಮದು ಎರಡು ಕೋಣೆಯ ಸಣ್ಣ ಹೋಂಸ್ಟೇ. ನನ್ನ ಫೋನ್ 64 ಜಿಬಿಯದು, ನಾಲ್ಕು ವರ್ಷ ಹಳೆಯದು, ಮೆಮೊರಿ ಕಾರ್ಡ್ ಹಾಕುವ ಜಾಗವೇ ಇಲ್ಲ. ಮೊನ್ನೆ ಅಂಗಳಕ್ಕೆ ಮಲಬಾರ್ ಮಂಗಟ್ಟೆ ಹಕ್ಕಿ ಬಂದಿತ್ತು. ಫೋನ್ ಎತ್ತಿದರೆ ಜಾಗವಿಲ್ಲ ಎಂದಿತು. ಹಕ್ಕಿ ಹಾರಿಹೋಯಿತು.

ಸೆಟ್ಟಿಂಗ್ಸ್‌ನಲ್ಲಿ ನೋಡಿ ಬರೆದುಕೊಂಡ ಲೆಕ್ಕ ಹೀಗಿದೆ. ಕ್ಯಾಮೆರಾದ್ದು 21 ಜಿಬಿ. ಅದರಲ್ಲಿ ವಿಡಿಯೊಗಳೇ 14, ಉಳಿದ 7 ಜಿಬಿ ಸುಮಾರು 2,300 ಫೋಟೋ. ವಾಟ್ಸ್‌ಆ್ಯಪ್ 17 ಜಿಬಿ. ಮಿಕ್ಕ 26 ಜಿಬಿಯನ್ನು ಫೋನೂ ಆ್ಯಪ್‌ಗಳೂ ನುಂಗಿವೆ. ಗೂಗಲ್‌ನಲ್ಲಿ ಉಚಿತವಾಗಿ ಸಿಕ್ಕುವ 15 ಜಿಬಿಯಲ್ಲಿ 14.7 ಆಗಿಹೋಗಿದೆ, ಬ್ಯಾಕಪ್ ನಿಂತಿದೆ.

ಈಗ ಉಚಿತ ಕ್ಲೌಡ್‌ಗಳಲ್ಲೇ ಹಂಚಿಡುವುದೋ, 1 ಟಿಬಿ ಹಾರ್ಡ್ ಡಿಸ್ಕ್ ಒಂದನ್ನು ತಂದು ಮನೆಯಲ್ಲಿಡುವುದೋ? ಹೊಸ ಫೋನ್ ತೆಗೆದುಕೊಳ್ಳಿ ಎನ್ನುವವರು ಜೊತೆಗೆ ದುಡ್ಡನ್ನೂ ಕಳುಹಿಸಿ.

ಮಡಿಕೇರಿ ಮಂಜು

ಅಕ್ಕ, ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಗುಣಮಟ್ಟವನ್ನು ಒಂದು ಹಂತ ಕಡಿಮೆ ಮಾಡಿ. ಆಗ ಎಷ್ಟು ಫೋಟೋ ಹಾಕಿದರೂ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಹತ್ತು ವರ್ಷದ ಫೋಟೋಗಳು ಹಾಗೆಯೇ ಇವೆ. ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡಿ, ಮೇಲೆ ಇದ್ದೇ ಇರುತ್ತದೆ.

ಸ್ಟುಡಿಯೋ ಹಳಬ

ಮಂಜು, ನಿಮ್ಮ ಮಾತು 2021ರ ಮೇ ತಿಂಗಳವರೆಗೆ ಸರಿ. ಆ ವರ್ಷದ ಜೂನ್ 1ರಿಂದ ಗೂಗಲ್ ಆ ಸೌಲಭ್ಯವನ್ನು ನಿಲ್ಲಿಸಿತು. ಅದಕ್ಕೂ ಮೊದಲು ಆ ಗುಣಮಟ್ಟದಲ್ಲಿ ಹಾಕಿದವು ಇಂದಿಗೂ ಲೆಕ್ಕಕ್ಕಿಲ್ಲ, ನಿಮ್ಮ ಹಳೆಯವು ಹಾಗೆ ಉಳಿದಿವೆ. ನಂತರದ್ದೆಲ್ಲ, `Storage saver` ಆಯ್ದುಕೊಂಡರೂ, ಆ 15 ಜಿಬಿಯಲ್ಲೇ ಸೇರುತ್ತದೆ. ಕಡಿಮೆ ಜಾಗ ಹಿಡಿಯುತ್ತದೆ, ಅಷ್ಟೇ.

ನಿಮ್ಮ ಎರಡನೆಯ ಮಾತು ಇನ್ನೂ ಅಪಾಯದ್ದು. ಗೂಗಲ್ ಫೋಟೋಸ್ ಆ್ಯಪಿನ ಒಳಗೆ ನಿಂತು ಕಸದಬುಟ್ಟಿಯ ಚಿತ್ರ ಒತ್ತಿದರೆ ಫೋನಿನಲ್ಲಿರುವುದೂ ಹೋಗುತ್ತದೆ, ಮೇಲಿರುವುದೂ ಹೋಗುತ್ತದೆ. ಬ್ಯಾಕಪ್ ಆದದ್ದು 60 ದಿನ ಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ಫೋನಿನಿಂದ ಮಾತ್ರ ತೆಗೆಯುವುದಕ್ಕೆ `Free up space` ಅಥವಾ ಒಂದೊಂದೇ ಫೋಟೋಕ್ಕೆ `Delete from device` ಎಂಬುದು ಬೇರೆ ಇದೆ. ವಿರಾಜಪೇಟೆಯ ನನ್ನ ಅಂಗಡಿಗೆ ಅಳುಮುಖ ಮಾಡಿಕೊಂಡು ಬರುವವರಲ್ಲಿ ಅರ್ಧ ಜನ ಈ ವ್ಯತ್ಯಾಸ ತಿಳಿಯದವರೇ.

ಹೋಂಸ್ಟೇ ಅವರೇ, 14.7 ಜಿಬಿಯಲ್ಲಿ ಯಾವುದು ಎಷ್ಟಿದೆ ಎಂದು ನೋಡಿ ಹೇಳಿ. `one.google.com/storage` ತೆರೆದರೆ ಸಿಗುತ್ತದೆ.

ಕರಿಮೆಣಸು

ನನ್ನದೂ ಇದೇ ಪಾಡು. ಬಳ್ಳಿಗೆ ಸೊರಗು ರೋಗ ಬಂದಾಗ ಎಲೆ ತೋರಿಸಲೆಂದು ತೆಗೆದ ಫೋಟೋಗಳೇ ಆರುನೂರು ಇವೆ. ನೀವು 128 ಜಿಬಿಯ ಮೆಮೊರಿ ಕಾರ್ಡ್ ಹಾಕಿ, ಕ್ಯಾಮೆರಾ ನೇರ ಕಾರ್ಡಿಗೇ ಬರೆಯುವ ಹಾಗೆ ಮಾಡಿ. ಯಾವ ಕ್ಲೌಡೂ ಬೇಡ.

ನಾಪೋಕ್ಲು ಹೋಂಸ್ಟೇ

ಕಾರ್ಡ್ ಹಾಕುವ ಜಾಗವಿಲ್ಲ ಎಂದು ಮೊದಲೇ ಬರೆದಿದ್ದೇನೆ, ಅಣ್ಣ.

ಹಳಬರೇ, ನೋಡಿದೆ. ಫೋಟೋಸ್ 7.9, ವಾಟ್ಸ್‌ಆ್ಯಪ್ ಬ್ಯಾಕಪ್ 5.6, ಜಿಮೇಲ್ 1.2. ವಾಟ್ಸ್‌ಆ್ಯಪ್ ಇಲ್ಲಿ ಯಾಕೆ ಬಂತು?

ಸ್ಟುಡಿಯೋ ಹಳಬ

ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಮೊದಲು ಲೆಕ್ಕಕ್ಕೆ ಇರಲಿಲ್ಲ. 2024ರಲ್ಲಿ ಅದೂ 15 ಜಿಬಿಯೊಳಗೆ ಬಂದು ಕುಳಿತಿತು. ವಾಟ್ಸ್‌ಆ್ಯಪ್‌ನ ಚಾಟ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಸೇರಿಸುವ `Include videos` ಆಯ್ಕೆಯನ್ನು ಆಫ್ ಮಾಡಿ, ಇನ್ನೊಮ್ಮೆ ಬ್ಯಾಕಪ್ ಮಾಡಿ. ನಿಮ್ಮ 5.6ರಲ್ಲಿ ಬಹುಪಾಲು ವಿಡಿಯೊಗಳೇ ಆಗಿದ್ದರೆ ಅದು ಒಂದೆರಡಕ್ಕೆ ಇಳಿಯುತ್ತದೆ. ತುಂಬಿ ತುಳುಕುವವರೆಗೂ ಸುಮ್ಮನಿರಬೇಡಿ. ಜಾಗ ಮುಗಿದರೆ ಜಿಮೇಲ್‌ಗೆ ಪತ್ರ ಬರುವುದೂ ನಿಲ್ಲುತ್ತದೆ. ಹೋಂಸ್ಟೇ ಬುಕಿಂಗ್ ಬರುವುದು ಅದಕ್ಕೇ ಅಲ್ಲವೇ?

ಸೋಮವಾರಪೇಟೆ ಮೇಷ್ಟ್ರು

ನನ್ನದು ಬಡವರ ದಾರಿ. ಮೂರು ಗೂಗಲ್ ಖಾತೆ ಮಾಡಿಕೊಂಡಿದ್ದೇನೆ. ಮೂರು ಹದಿನೈದಲಿ ನಲವತ್ತೈದು ಜಿಬಿ. ಒಂದು ತುಂಬಿದರೆ ಇನ್ನೊಂದು. ಒನ್‌ಡ್ರೈವ್ 5 ಜಿಬಿ ಉಚಿತ ಕೊಡುತ್ತದೆ, ಡ್ರಾಪ್‌ಬಾಕ್ಸ್ 2. ಒಂದು ಪೈಸೆ ಖರ್ಚಿಲ್ಲ.

ಸ್ಟುಡಿಯೋ ಹಳಬ

ನಡೆಯುತ್ತದೆ, ಮೇಷ್ಟರೇ. ಆದರೆ ತುಂಬಿದ ಖಾತೆಗೆ ನೀವು ಮತ್ತೆ ಯಾವಾಗ ಹೋಗುತ್ತೀರಿ? ಎರಡು ವರ್ಷ ಯಾರೂ ಒಳಹೋಗದ ಖಾತೆಯನ್ನು ಅಳಿಸುವ ಹಕ್ಕು ಗೂಗಲ್‌ಗೆ ಇದೆ. ಮೊದಲ ಖಾತೆಯ ಪಾಸ್‌ವರ್ಡ್ ಈಗ ನೆನಪಿದೆಯೇ? ಅದಕ್ಕೆ ಕೊಟ್ಟ ಫೋನ್ ನಂಬರ್ ಇನ್ನೂ ನಿಮ್ಮದೇ ಆಗಿದೆಯೇ?

ಸೋಮವಾರಪೇಟೆ ಮೇಷ್ಟ್ರು

ಪಾಸ್‌ವರ್ಡ್ ಡೈರಿಯಲ್ಲಿದೆ. ನಂಬರ್ ವಿಚಾರ ಮಾತ್ರ ನೋಡಬೇಕು.

ಕುಶಾಲನಗರ ಕೇಬಲ್

ಜಾಗ ಇರಲಿ, ಮೇಲೆ ಕಳುಹಿಸುವುದು ಹೇಗೆ? ಕ್ಲೌಡ್ ಎಂದ ಕೂಡಲೇ ಎಲ್ಲರೂ ಎಷ್ಟು ಜಿಬಿ ಎಂದು ಕೇಳುತ್ತಾರೆ, ಅಪ್‌ಲೋಡ್ ವೇಗವನ್ನು ಯಾರೂ ಕೇಳುವುದಿಲ್ಲ. ನಾಪೋಕ್ಲು ಕಡೆ ಮನೆಗೆ ಕೇಬಲ್ ಇಂಟರ್ನೆಟ್ ಇದೆಯೇ, ಮೊಬೈಲ್ ಡೇಟಾವೇ?

ನಾಪೋಕ್ಲು ಹೋಂಸ್ಟೇ

ಮೊಬೈಲ್ ಡೇಟಾ ಮಾತ್ರ. ದಿನಕ್ಕೆ 1.5 ಜಿಬಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ಹೋಗುತ್ತದೆ. ಗೇಟಿನ ಹತ್ತಿರದ ಹಲಸಿನ ಮರದ ಕೆಳಗೆ ಮಾತ್ರ ಚೆನ್ನಾಗಿ ಸಿಗುತ್ತದೆ.

ಕುಶಾಲನಗರ ಕೇಬಲ್

ಹಾಗಾದರೆ ಲೆಕ್ಕ ಹಾಕೋಣ. ಅಪ್‌ಲೋಡ್ ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕಿತು ಎಂದುಕೊಳ್ಳಿ. 21 ಜಿಬಿ ಹೋಗಲು ಸುಮಾರು 47 ಗಂಟೆ ಬೇಕು, ಅದೂ ಒಂದು ಕ್ಷಣ ಕಡಿಯದೆ. ದಿನಕ್ಕೆ 1.5 ಜಿಬಿ ಎಂದರೆ ಬೇರೇನೂ ನೋಡದೆ, ಅತಿಥಿಗಳಿಗೆ ಲೊಕೇಶನ್ ಕೂಡ ಕಳುಹಿಸದೆ, ಹದಿನಾಲ್ಕು ದಿನ. ಹಲಸಿನ ಮರದ ಕೆಳಗೆ ಅಷ್ಟು ದಿನ ಕೂರಲು ಆಗುವುದಿಲ್ಲ. ಆರಿಸಿದ 3 ಜಿಬಿಯಾದರೆ ಏಳು ಗಂಟೆಗೂ ಕಡಿಮೆ. ಎರಡು ಮೂರು ರಾತ್ರಿಗೆ ಹಂಚಿ ಮುಗಿಸಬಹುದು.

ಇನ್ನೊಂದು ವಿಷಯ. ಗೂಗಲ್ ಫೋಟೋಸ್ ತಾನಾಗಿಯೇ ವೈಫೈಗಾಗಿ ಕಾಯುತ್ತದೆ. ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ಮೊಬೈಲ್ ಡೇಟಾ ಬಳಸಲು ಅನುಮತಿ ಕೊಡದಿದ್ದರೆ ತಿಂಗಳುಗಟ್ಟಲೆ ಒಂದು ಫೋಟೋವೂ ಹೋಗಿರುವುದಿಲ್ಲ, ನೀವು ಹೋಗಿದೆ ಎಂದುಕೊಂಡಿರುತ್ತೀರಿ.

ಕರಿಮೆಣಸು

ಹಾಗಾದರೆ ಹಾರ್ಡ್ ಡಿಸ್ಕೇ ಸರಿ. ಆದರೆ ನಾನು ಒಮ್ಮೆ ಓಟಿಜಿ ಕೇಬಲ್ ಹಾಕಿ ಫೋನಿಗೆ ನೇರ ಡಿಸ್ಕ್ ಸಿಕ್ಕಿಸಿದೆ. ಟಿಕ್ ಟಿಕ್ ಎಂದಿತು, ಕಾಣಿಸಿತು, ಮಾಯವಾಯಿತು. ಡಿಸ್ಕ್ ಕೆಟ್ಟಿತ್ತೆಂದು ಅಂಗಡಿಗೆ ವಾಪಸು ಕೊಟ್ಟೆ. ಅವರು ಕಂಪ್ಯೂಟರಿಗೆ ಹಾಕಿದರೆ ಚೆನ್ನಾಗಿ ಓಡಿತು! ಅಂಗಡಿಯವರ ಮುಂದೆ ಮುಖ ಎಲ್ಲಿಡಲಿ.

ಸ್ಟುಡಿಯೋ ಹಳಬ

ಡಿಸ್ಕ್ ಕೆಟ್ಟಿರಲಿಲ್ಲ, ಹಸಿದಿತ್ತು. ಒಳಗೆ ತಟ್ಟೆ ತಿರುಗುವ ಡಿಸ್ಕಿಗೆ ಬೇಕಾದಷ್ಟು ವಿದ್ಯುತ್ತನ್ನು ಎಷ್ಟೋ ಫೋನ್‌ಗಳು ಕೊಡಲಾರವು. ಟಿಕ್ ಟಿಕ್ ಎನ್ನುವುದು ತಿರುಗಲು ಹೊರಟು ನಿಲ್ಲುವ ಸದ್ದು. ನಡುವೆ ಬರೆಯುತ್ತಿದ್ದರೆ ಇದ್ದ ಕಡತಗಳೂ ಕೆಡಬಹುದು. ಲ್ಯಾಪ್‌ಟಾಪ್ ಮೂಲಕವೇ ಸಾಗಿಸುವುದು ಒಳ್ಳೆಯದು. ಕರೆಂಟ್ ಹೋದರೂ ಅದರ ಬ್ಯಾಟರಿ ಕೈಹಿಡಿಯುತ್ತದೆ.

ಮಕ್ಕಂದೂರು ಕಡೆಯವಳು

ಡಿಸ್ಕ್ ಎಂದ ಕೂಡಲೇ ನನ್ನದೊಂದು ಮಾತು. 2018ರ ಆಗಸ್ಟ್‌ನಲ್ಲಿ ಬರೆ ಕುಸಿದಾಗ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟೆವು. ಹಾರ್ಡ್ ಡಿಸ್ಕ್ ಅಲ್ಮೇರಾದಲ್ಲಿತ್ತು, ಮದುವೆಯ ಆಲ್ಬಮ್ ಅದರ ಪಕ್ಕದಲ್ಲೇ ಇತ್ತು. ಎರಡೂ ಮಣ್ಣಿನ ಪಾಲು. ಇಂದು ನಮ್ಮ ಹತ್ತಿರ ಇರುವುದು ಮೈಸೂರಿನ ಅತ್ತಿಗೆಗೆ ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದ ನಲವತ್ತು ಫೋಟೋ ಮಾತ್ರ. ದೊಡ್ಡದು ಮಾಡಿದರೆ ಮುಖಗಳು ಕಲಸಿಹೋಗುತ್ತವೆ. ಆದರೂ ಅವೇ ಇವೆ. ಮನೆಯಲ್ಲಿಟ್ಟ ಡಿಸ್ಕ್ ಮನೆಯ ಜೊತೆಗೇ ಹೋಗುತ್ತದೆ, ಅಷ್ಟು ನೆನಪಿಟ್ಟುಕೊಳ್ಳಿ.

ನಾಪೋಕ್ಲು ಹೋಂಸ್ಟೇ

ಓದಿ ಮನಸ್ಸು ಭಾರವಾಯಿತು, ಅಕ್ಕ. ನಮ್ಮ ಮನೆ ಇಳಿಜಾರಿನಲ್ಲಿಲ್ಲ, ಆದರೆ ಹೊಳೆ ದೂರವಿಲ್ಲ.

ಸೋಮವಾರಪೇಟೆ ಮೇಷ್ಟ್ರು

ತೆಗೆದುಕೊಳ್ಳುವುದೇ ಆದರೆ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಬಿದ್ದರೂ ಒಡೆಯುವುದಿಲ್ಲ, ಫೋನಿಗೂ ನೇರ ಸಿಕ್ಕಿಸಬಹುದು.

ಸ್ಟುಡಿಯೋ ಹಳಬ

ದಿನಾ ಬಳಸುವವರಿಗೆ ಎಸ್‌ಎಸ್‌ಡಿ, ಒಪ್ಪುತ್ತೇನೆ. ಬರೆದು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಮರೆಯುವವರಿಗೆ ನಾನು ತಿರುಗುವ ಡಿಸ್ಕನ್ನೇ ಹೇಳುತ್ತೇನೆ. ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ ಬಹುಕಾಲ ಬಿದ್ದಿದ್ದರೆ ಅದರೊಳಗಿನ ವಿದ್ಯುದಂಶ ಮೆಲ್ಲಗೆ ಸೋರುತ್ತದೆ.

ಸೋಮವಾರಪೇಟೆ ಮೇಷ್ಟ್ರು

ನನ್ನದು ಮೂರು ವರ್ಷದಿಂದ ಬೀರುವಿನಲ್ಲಿದೆ. ಮೊನ್ನೆ ತೆರೆದೆ, ಎಲ್ಲವೂ ಇದ್ದವು.

ಸ್ಟುಡಿಯೋ ಹಳಬ

ಸಂತೋಷ. ನನ್ನ ಹತ್ತಿರ ಹನ್ನೊಂದು ವರ್ಷದ ತಿರುಗುವ ಡಿಸ್ಕ್ ಇದೆ. ಇದು ಮುಗಿಯದ ಜಗಳ, ಬಿಡೋಣ.

ಹೋಂಸ್ಟೇ ಅವರೇ, ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ಎಲ್ಲರೂ ಕ್ಲೌಡೋ ಡಿಸ್ಕೋ ಎಂದು ಕೇಳುತ್ತಾರೆ. ನಿಮ್ಮ ಸ್ಥಿತಿಯಲ್ಲಿ ಮುಖ್ಯವಾದದ್ದು ಯಾವುದು ಮೊದಲು ಎಂಬುದು. ಕ್ಲೌಡಿಗೆ `Storage saver`ನಲ್ಲಿ ಹಾಕಿ, `Free up space` ಒತ್ತಿದಿರಿ ಎಂದುಕೊಳ್ಳಿ. ಫೋನಿನಲ್ಲಿದ್ದ ಮೂಲ ಫೋಟೋ ಹೋಯಿತು, ಉಳಿದದ್ದು ಹಿಂಡಿದ ಪ್ರತಿ ಮಾತ್ರ. ಆಮೇಲೆ ಡಿಸ್ಕ್ ತಂದರೆ ಅದಕ್ಕೆ ತುಂಬಲು ಮೂಲವೇ ಇರುವುದಿಲ್ಲ. ಆದ್ದರಿಂದ ಮೊದಲು ಡಿಸ್ಕಿಗೆ, ನಂತರ ಪರೀಕ್ಷೆ, ನಂತರ ಆರಿಸಿದ್ದು ಕ್ಲೌಡಿಗೆ, ಅಳಿಸುವುದು ಕಟ್ಟಕಡೆಗೆ.

ಡಿಸ್ಕನ್ನು `exFAT` ಆಗಿ ಫಾರ್ಮ್ಯಾಟ್ ಮಾಡಿಸಿ. ಹಾಗಿದ್ದರೆ ಮುಂದೆ ಬೇರೆ ಬಗೆಯ ಕಂಪ್ಯೂಟರೂ ಓದುತ್ತದೆ, 4 ಜಿಬಿಗಿಂತ ದೊಡ್ಡ ವಿಡಿಯೊವೂ ಕೂರುತ್ತದೆ. ಆದರೆ ಈ ಬಗೆಯ ಡಿಸ್ಕನ್ನು ಬರೆಯುತ್ತಿರುವಾಗ ಕಿತ್ತರೆ ಕೆಡುವುದು ಬೇಗ. `Eject` ಮಾಡದೆ ಕೇಬಲ್ ಮುಟ್ಟಬೇಡಿ. ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಅದು ಬರೀ ಚಾರ್ಜ್ ಆಗುತ್ತಿದ್ದರೆ, ಮೇಲಿನಿಂದ ಪರದೆ ಎಳೆದು `File transfer` ಆರಿಸಿ. ಅದು ಬರದಿದ್ದರೆ ಕೇಬಲ್ ಚಾರ್ಜಿಗೆ ಮಾತ್ರ ಮಾಡಿದ್ದಿರಬಹುದು, ಬದಲಿಸಿ. ನಿಮಗೆ ಬೇಕಾದದ್ದು ಈ ಎರಡು ಫೋಲ್ಡರ್:

```
DCIM/Camera
Android/media/com.whatsapp/WhatsApp/Media
```

ಕಾಪಿ ಮಾಡಿ, ಕಟ್ ಮಾಡಬೇಡಿ. ಕಟ್ ಮಾಡುವಾಗ ಅರ್ಧದಲ್ಲಿ ಕೇಬಲ್ ಅಲುಗಿದರೆ ಯಾವುದು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಮುಗಿದ ಮೇಲೆ ಎರಡೂ ಕಡೆ ಎಷ್ಟು ಕಡತಗಳಿವೆ ಎಂದು ಹೋಲಿಸಿ. ನಂತರ ಡಿಸ್ಕಿನಲ್ಲಿರುವ ಪ್ರತಿಯಿಂದಲೇ ಹತ್ತು ಫೋಟೋ, ನಾಲ್ಕೈದು ವಿಡಿಯೊ ತೆರೆದು ನೋಡಿ. ವಿಡಿಯೊವನ್ನು ಕೊನೆಯವರೆಗೆ ಓಡಿಸಿ. ಅರ್ಧ ಬಂದ ವಿಡಿಯೊಗೂ ಹೆಸರು ಸರಿಯಾಗಿಯೇ ಇರುತ್ತದೆ.

ಮಡಿಕೇರಿ ಮಂಜು

ಕಾಪಿ ಮಾಡಿದರೆ ತಾರೀಕು ಎಲ್ಲ ಇವತ್ತಿನದಾಗುತ್ತದೆಯಲ್ಲ? ನನಗೆ ಹಾಗಾಗಿತ್ತು. ಪುತ್ತರಿಯೂ ಕೈಲ್‌ಪೊಳ್ದೂ ಒಂದೇ ದಿನ ಬಂದಂತೆ ಕಂಡಿತು.

ಸ್ಟುಡಿಯೋ ಹಳಬ

ಕಡತದ ಮೇಲಿನ ತಾರೀಕು ಬದಲಾಗುತ್ತದೆ, ಫೋಟೋದ ಒಳಗೆ ಕ್ಯಾಮೆರಾ ಬರೆದ ತಾರೀಕು ಹಾಗೆಯೇ ಇರುತ್ತದೆ. ವಿಂಡೋಸ್‌ನಲ್ಲಿ `Date taken` ಪ್ರಕಾರ ಜೋಡಿಸಿ ನೋಡಿ. ವಾಟ್ಸ್‌ಆ್ಯಪ್ ಮಾತ್ರ ಕಳುಹಿಸುವಾಗ ಆ ಒಳಗಿನ ತಾರೀಕನ್ನು ಕಿತ್ತುಹಾಕುತ್ತದೆ. ಆದರೆ `IMG-20231126-WA0007.jpg` ಎಂಬಂತೆ ಹೆಸರಿನಲ್ಲೇ ದಿನ ಇರುವುದರಿಂದ ಅವುಗಳ ಹೆಸರು ಬದಲಿಸಬೇಡಿ.

ನಾಪೋಕ್ಲು ಹೋಂಸ್ಟೇ

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಗೋಣಿಕೊಪ್ಪಲಿನಿಂದ 1 ಟಿಬಿ ಡಿಸ್ಕ್ ತಂದೆ, ತಿರುಗುವುದು. ಮೇಷ್ಟರು ಬೇಸರಿಸಬಾರದು, ಬೆಲೆ ನೋಡಿದೆ. ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಕಾಪಿ ಹಾಕಿದೆ. ಕ್ಯಾಮೆರಾ ಫೋಲ್ಡರ್ ಮುಗಿಯಲು ಐವತ್ತು ನಿಮಿಷ ಬೇಕಾಯಿತು.

ಎಣಿಸಿದರೆ ಹೊಂದಲಿಲ್ಲ. ಫೋನಿನ ಫೈಲ್ಸ್ ಆ್ಯಪ್ 2,490 ಎನ್ನುತ್ತದೆ, ಡಿಸ್ಕಿನಲ್ಲಿ 2,471. ಹತ್ತೊಂಬತ್ತು ಎಲ್ಲಿ ಹೋದವು? ಲ್ಯಾಪ್‌ಟಾಪಿನಿಂದ ಫೋನಿನ ಒಳಗೆ ನೋಡಿದರೂ 2,471 ಎಂದೇ ತೋರಿಸುತ್ತದೆ. ಅಳಿಸಲು ಧೈರ್ಯ ಬರುತ್ತಿಲ್ಲ.

ಸ್ಟುಡಿಯೋ ಹಳಬ

ಅಳಿಸದಿದ್ದುದು ಒಳ್ಳೆಯದಾಯಿತು. ಫೋನ್ ತನ್ನೊಳಗಿನ ಕಡತಗಳ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಕೇಬಲ್ ಮೂಲಕ ಕಂಪ್ಯೂಟರಿಗೆ ತೋರಿಸುವುದು ಆ ಪಟ್ಟಿಯನ್ನು. ಪಟ್ಟಿ ಹಳತಾಗಿದ್ದರೆ ಹೊಸ ಕಡತಗಳು ಕಾಣುವುದಿಲ್ಲ. ಫೋನನ್ನು ಒಮ್ಮೆ ಆರಿಸಿ ಹಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ. ಮತ್ತೆ ಕಾಪಿ ಮಾಡುವಾಗ ಇರುವುದನ್ನು ಬಿಟ್ಟುಬಿಡಲು `Skip` ಒತ್ತಿ.

ನಾಪೋಕ್ಲು ಹೋಂಸ್ಟೇ

ಆಯಿತು, 2,490! ಕಾಣದೆ ಹೋಗಿದ್ದ ಹತ್ತೊಂಬತ್ತೂ ಕಳೆದ ವಾರದವು. ವಿಡಿಯೊ ಒಂದು ಮಾತ್ರ ಅರ್ಧಕ್ಕೆ ನಿಂತಿತು, ಅದು ಮೊದಲ ಸಲ ಕೇಬಲ್ ಅಲುಗಿದಾಗ ಬಂದದ್ದಿರಬೇಕು. ಅದನ್ನು ಡಿಸ್ಕಿನಿಂದ ಅಳಿಸಿ ಮತ್ತೆ ತಂದೆ, ಸರಿಯಾಯಿತು.

ವಾಟ್ಸ್‌ಆ್ಯಪ್‌ನ ಬ್ಯಾಕಪ್‌ನಿಂದ ವಿಡಿಯೊ ತೆಗೆದ ಮೇಲೆ 5.6 ಇದ್ದದ್ದು 1.4 ಆಯಿತು. ಸಿಕ್ಕ ಜಾಗಕ್ಕೆ ಕೇಬಲ್ ಅವರು ಹೇಳಿದಂತೆ 3 ಜಿಬಿ ಆರಿಸಿ ಹಾಕಿದೆ. ಮಗಳ ಮದುವೆ, ಅತ್ತೆಯವರ ಕೊನೆಯ ಪುತ್ತರಿ, ಹೋಂಸ್ಟೇ ಕೋಣೆಗಳು. ಮೂರು ರಾತ್ರಿ ಹಿಡಿಯಿತು. ಈಗ ಅಳಿಸಬೇಕು. `Free up space` ಒತ್ತಿದರೆ 10 ಜಿಬಿ ಎಂದು ಮಾತ್ರ ತೋರಿಸುತ್ತದೆ. ಉಳಿದದ್ದು?

ಸ್ಟುಡಿಯೋ ಹಳಬ

ಅದು ಮೇಲೆ ಹೋಗಿರುವುದನ್ನು ಮಾತ್ರ ತೆಗೆಯುತ್ತದೆ. ಡಿಸ್ಕಿನಲ್ಲಿ ಇದೆ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಉಳಿದ ವಿಡಿಯೊಗಳನ್ನು ಫೈಲ್ಸ್ ಆ್ಯಪಿನಿಂದ ನೀವೇ ಅಳಿಸಿ. ವಾಟ್ಸ್‌ಆ್ಯಪ್‌ನದಕ್ಕೆ ಅದರ `Manage storage` ಒಳಗೆ 5 ಎಂಬಿಗಿಂತ ದೊಡ್ಡವು, ಹಲವು ಬಾರಿ ಫಾರ್ವರ್ಡ್ ಆದವು ಎಂದು ಬೇರೆಬೇರೆ ಮಾಡಿ ಕೊಟ್ಟಿದೆ. ಶುಭೋದಯದ ಹೂವುಗಳನ್ನು ನೋಡದೆಯೇ ಅಳಿಸಬಹುದು.

ಮಡಿಕೇರಿ ಮಂಜು

ಫೋನಿನದೇ ಗ್ಯಾಲರಿ ಆ್ಯಪಿನಿಂದ ಅಳಿಸಿದರೂ ಕ್ಲೌಡಿನದು ಹೋಗುವುದಿಲ್ಲ. ನಾನು ಹಾಗೆಯೇ ಮಾಡುವುದು. ಇದಂತೂ ಸರಿಯಲ್ಲವೇ?

ಮಕ್ಕಂದೂರು ಕಡೆಯವಳು

ನಾನು ಹಾಗೆ ಮಾಡಿದಾಗ ಗೂಗಲ್ ಫೋಟೋಸ್ ಆಮೇಲೆ ಏನೋ ಕೇಳಿತು. ಫೋನಿನಲ್ಲಿ ಅಳಿಸಿದ್ದೀರಿ, ಇಲ್ಲಿಂದಲೂ ಬುಟ್ಟಿಗೆ ಹಾಕಲೇ ಎಂದು. ಓದದೆ ಒಪ್ಪಿದ್ದರೆ ಕಥೆ ಮುಗಿದಿತ್ತು.

ಮಡಿಕೇರಿ ಮಂಜು

ನನಗೆ ಎಂದೂ ಕೇಳಿಲ್ಲ.

ಸ್ಟುಡಿಯೋ ಹಳಬ

ಕೆಲವು ಫೋನಿನಲ್ಲಿ ಕೇಳುತ್ತದೆ, ಕೆಲವದರಲ್ಲಿ ಕೇಳುವುದಿಲ್ಲ. ಕೇಳಿದರೆ ಬೇಡ ಎನ್ನಿ.

ಕುಶಾಲನಗರ ಕೇಬಲ್

ಡಿಸ್ಕ್ ಎಲ್ಲಿಡುತ್ತೀರಿ, ಅಕ್ಕ? ಜುಲೈನಲ್ಲಿ ಅಲ್ಮೇರಾದ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಿಮ್ಮದು.

ನಾಪೋಕ್ಲು ಹೋಂಸ್ಟೇ

ರಬ್ಬರ್ ಅಂಚಿನ ಬಿಗಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟಿದ್ದೇನೆ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತದೆ ಎಂದರು ಯಜಮಾನರು. ಹೊಗೆಯೂ ಇರುತ್ತದೆ ಎಂದೆ. ಈಗ ಮಲಗುವ ಕೋಣೆಯಲ್ಲಿದೆ. ಸಿಡಿಲಿನ ಭಯಕ್ಕೆ ಕೆಲಸ ಮುಗಿದ ಕೂಡಲೇ ಕೇಬಲ್ ಕಳಚಿಬಿಡುತ್ತೇನೆ.

ಮಕ್ಕಂದೂರಿನ ಅಕ್ಕನ ಮಾತು ತಲೆಯಲ್ಲಿ ಉಳಿದಿದೆ. ಕುಶಾಲನಗರದಲ್ಲಿ ನಾದಿನಿ ಇದ್ದಾಳೆ. ಕಾಫಿ ಕೊಯ್ಲಿನ ಹಣ ಬಂದ ಮೇಲೆ ಇನ್ನೊಂದು ಡಿಸ್ಕ್ ತಂದು, ಇದರ ಪ್ರತಿ ಮಾಡಿ, ಅವಳ ಮನೆಯಲ್ಲಿಡುವ ಯೋಚನೆ. ಅಲ್ಲಿಯವರೆಗೆ ಗೂಗಲ್‌ನಲ್ಲಿ ಮೊದಲೇ ಇದ್ದವೂ ಆರಿಸಿದ ಆ 3 ಜಿಬಿಯೂ ಮಾತ್ರ ಮನೆಯ ಹೊರಗಿವೆ.

ಸೋಮವಾರಪೇಟೆ ಮೇಷ್ಟ್ರು

ನಂಬರ್ ವಿಚಾರ ನೋಡಿದೆ. ಮೊದಲ ಖಾತೆಗೆ ಕೊಟ್ಟಿದ್ದು 2019ರಲ್ಲಿ ಬಿಟ್ಟ ಸಿಮ್. ಪಾಸ್‌ವರ್ಡ್ ಕೆಲಸ ಮಾಡಿತು, ಒಳಗೆ ಹೋಗಿ ನಂಬರ್ ಬದಲಿಸಿದೆ. ಹಳಬರಿಗೆ ಒಂದು ಕಾಫಿ ಬಾಕಿ.

ನಾಪೋಕ್ಲು ಹೋಂಸ್ಟೇ

ಕೊನೆಯದೊಂದು ಪ್ರಶ್ನೆ. ವಾಟ್ಸ್‌ಆ್ಯಪ್‌ನ ಫೋಲ್ಡರಿನಲ್ಲಿ `WhatsApp Voice Notes` ಎಂದು ಒಂದಿದೆ. ಅತ್ತೆಯವರು ಆಸ್ಪತ್ರೆಯಿಂದ ಕಳುಹಿಸಿದ್ದ ಧ್ವನಿಗಳೆಲ್ಲ ಅದರಲ್ಲಿವೆ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಹುಡುಕಿದರೂ ಅವು ಕಾಣುವುದಿಲ್ಲ. ಡಿಸ್ಕಿನಲ್ಲಿ ಇವೆ, ಆದರೆ ಲ್ಯಾಪ್‌ಟಾಪ್ ತೆರೆಯುತ್ತಿಲ್ಲ. ಕಡತಗಳ ಕೊನೆಯಲ್ಲಿ `.opus` ಎಂದಿದೆ. ಕೆಟ್ಟಿವೆಯೇ?

ಸ್ಟುಡಿಯೋ ಹಳಬ

ಕೆಟ್ಟಿಲ್ಲ. ಗೂಗಲ್ ಫೋಟೋಸ್ ಚಿತ್ರ, ವಿಡಿಯೊ ಬಿಟ್ಟು ಧ್ವನಿಯನ್ನು ತೆಗೆದುಕೊಳ್ಳುವುದೇ ಇಲ್ಲ. ವಾಟ್ಸ್‌ಆ್ಯಪ್‌ನ ಬ್ಯಾಕಪ್‌ನಲ್ಲಿ ಅವು ಸೇರಿರುತ್ತವೆ, ಆದರೆ ಅದನ್ನು ಬೇರೆಯಾಗಿ ತೆರೆದು ಕೇಳಲು ಆಗುವುದಿಲ್ಲ. ಹಾಗಾಗಿ ನಿಮ್ಮ ಡಿಸ್ಕಿನ ಪ್ರತಿಯೇ ಮುಖ್ಯ. ಲ್ಯಾಪ್‌ಟಾಪಿಗೆ ವಿಎಲ್‌ಸಿ ಹಾಕಿ, ಅದರಲ್ಲಿ ತೆರೆಯಿರಿ. ಫೋನಿನಿಂದ ಈಗಲೇ ಅಳಿಸಬೇಡಿ, ಅವು ಹಿಡಿಯುವ ಜಾಗ ಕಡಿಮೆ.

ನಾಪೋಕ್ಲು ಹೋಂಸ್ಟೇ

ವಿಎಲ್‌ಸಿಯಲ್ಲಿ ಬಂತು. ಮೊದಲು ಸಿಕ್ಕಿದ್ದು ಹನ್ನೆರಡು ಸೆಕೆಂಡಿನದು. ಹಟ್ಟಿಯ ಬಾಗಿಲು ಹಾಕಿದಿರಾ ಎಂದು ಕೇಳುತ್ತಾರೆ. ಯಜಮಾನರು ಅಡುಗೆಮನೆಯಿಂದ ಎದ್ದು ಬಂದರು.